4.1 ಗೆದ್ದಲ್ಲಿ, 4.6 ಸೋತಲ್ಲಿ: 5700ಎಕ್ಸ್ ಮತ್ತು 5700ಎಕ್ಸ್3ಡಿ ಒಂದೇ ಬೋರ್ಡಿನಲ್ಲಿ

ಪೆರ್ಲದಲ್ಲಿರುವ ಅಕ್ಕನ ಮಗ ಹೊಸ ಪ್ರೊಸೆಸರ್ ತೆಗೆದುಕೊಂಡು ನೇರ ನಮ್ಮ ಮನೆಗೆ ಬಂದ. ಆಟಿ ತಿಂಗಳ ಮಳೆ, ಡಬ್ಬಿಯನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ್ದ. ಬಿಚ್ಚುವ ಮೊದಲೇ ಸಂಶಯ ಶುರು. "ಮಾವ, ನಿಮ್ಮದು 4.6 ಉಂಟು, ಇದು 4.1. ದುಡ್ಡು ಜಾಸ್ತಿ ಕೊಟ್ಟು ಸ್ಪೀಡ್ ಕಮ್ಮಿಯದ್ದು ತಂದೆನಾ ಎಂತ?"

ಪ್ರಶ್ನೆ ಸರಿಯಾದದ್ದೇ. ನನ್ನ ಹತ್ತಿರ ಇರುವುದು ರೈಜನ್ 7 5700ಎಕ್ಸ್, ಅವನದು 5700ಎಕ್ಸ್3ಡಿ. ಎರಡರಲ್ಲೂ 8 ಕೋರ್, ಎರಡೂ ಝೆನ್ 3, ಎರಡೂ ಎಎಂ4 ಸಾಕೆಟ್ಟಿಗೆ ಕೂರುತ್ತವೆ. ಬೂಸ್ಟ್ ಕ್ಲಾಕ್ ಮಾತ್ರ ನನ್ನದು 4.6 ಗಿಗಾಹರ್ಟ್ಸ್, ಅವನದು 4.1. ಇನ್ನೊಂದು ವ್ಯತ್ಯಾಸ ಎಲ್3 ಕ್ಯಾಶ್, ಅಂದರೆ ರ್ಯಾಮಿನ ಡಾಟಾವನ್ನು ಹತ್ತಿರ ಇಟ್ಟುಕೊಳ್ಳಲಿಕ್ಕೆ ಪ್ರೊಸೆಸರಿನೊಳಗೇ ಇರುವ ಸಣ್ಣ ಮೆಮೊರಿ. ನನ್ನದರಲ್ಲಿ 32 ಎಂಬಿ, ಅವನದರಲ್ಲಿ 96. ಅದೇ 32ರ ಬೆನ್ನ ಮೇಲೆ 64 ಎಂಬಿಯ ಇನ್ನೊಂದು ತೆಳು ಚಿಪ್ ಅಂಟಿಸಿದ್ದಾರೆ, ಹಾಗಾಗಿ ಹೆಸರಿನಲ್ಲಿ 3ಡಿ. ಮುಂದೆ ನನ್ನದನ್ನು ಸಾದಾ, ಅವನದನ್ನು 3ಡಿ ಅಂತಲೇ ಕರೆಯುತ್ತೇನೆ.

ಒಂದೇ ಜಾತಿಯ ಎರಡು ಚಿಪ್ ಒಟ್ಟಿಗೆ ಕೈಗೆ ಸಿಗುವುದು ಅಪರೂಪ ಅಲ್ವಾ? ಎರಡನ್ನೂ ನನ್ನ ಮಷಿನ್ನಿಗೆ ಹಾಕಿ ನೋಡಿಯೇ ಬಿಡೋಣ ಅಂತ ಕೂತೆವು. ಬಿ450 ಬೋರ್ಡ್, 32 ಜಿಬಿ ಡಿಡಿಆರ್4 3200, ಆರ್‌ಎಕ್ಸ್ 6700 ಎಕ್ಸ್‌ಟಿ ಕಾರ್ಡ್. ಬೇರೆ ಯಾವುದನ್ನೂ ಬದಲಿಸಲಿಲ್ಲ. ಬದಲಿಸಿಲ್ಲ ಅಂತ ನಾವು ತಿಳಿದಿದ್ದೆವು, ಆ ಕಥೆ ಆಮೇಲೆ ಹೇಳುತ್ತೇನೆ.

ಕೂಲರ್ ಎತ್ತುವಾಗ ಪ್ರೊಸೆಸರೂ ಅದಕ್ಕೆ ಅಂಟಿಕೊಂಡೇ ಎದ್ದು ಬಂತು, ಸಾಕೆಟ್ಟಿನ ಕಡ್ಡಿ ಹಾಕಿಯೇ ಇತ್ತು. ಎಎಂ4ನಲ್ಲಿ ಪಿನ್ನುಗಳು ಚಿಪ್ಪಿನ ಅಡಿಯಲ್ಲೇ ಇರುವುದರಿಂದ ಹಳೆ ಪೇಸ್ಟ್ ಗಟ್ಟಿಯಾದರೆ ಹೀಗಾಗುತ್ತದೆ. ಪಿನ್ ಬಾಗಲಿಲ್ಲ, ಪುಣ್ಯ. ಎರಡನೇ ಸಲ ಹತ್ತು ನಿಮಿಷ ಗೇಮ್ ಓಡಿಸಿ ಪೇಸ್ಟ್ ಬೆಚ್ಚಗೆ ಮಾಡಿ, ಆಫ್ ಮಾಡಿ ಪ್ಲಗ್ ಕಿತ್ತು, ಕೂಲರನ್ನು ಮೆಲ್ಲ ಆಚೀಚೆ ತಿರುಗಿಸಿ ಎತ್ತಿದೆವು. ಸುಲಭದಲ್ಲಿ ಬಂತು.

ಮೊದಲ ದಿನದ ಪರೀಕ್ಷೆ ಪೂರ್ತಿ ದಂಡ. 1440ಪಿ, ಎಲ್ಲ ಸೆಟ್ಟಿಂಗೂ ಅಲ್ಟ್ರಾ, ಎರಡೂ ಚಿಪ್ಪಿನಲ್ಲಿ ಒಂದೇ ಫ್ರೇಮ್ ರೇಟ್. ಹುಡುಗನ ಮುಖ ಸಣ್ಣದಾಯಿತು. ಆದರೆ ಕಾರ್ಡಿನ ಕೆಲಸ ತೋರಿಸುವ ಆಫ್ಟರ್‌ಬರ್ನರ್ ಪ್ರೋಗ್ರಾಮಿನಲ್ಲಿ ನೋಡಿದರೆ ಗ್ರಾಫಿಕ್ಸ್ ಕಾರ್ಡ್ 99 ಶೇಕಡ ಕೆಲಸದಲ್ಲಿತ್ತು. ಕಾರ್ಡೇ ಏದುಸಿರು ಬಿಡುತ್ತಿರುವಾಗ ಪ್ರೊಸೆಸರ್ ಯಾವುದಿದ್ದರೆ ಏನು? ನೀವು ನೋಡುವುದಾದರೆ ರೆಸೊಲ್ಯೂಶನ್ ಇಳಿಸಿ. ಫ್ರೇಮ್ ಏರಿದರೆ ಅಲ್ಲಿವರೆಗೆ ತಡೆ ಇದ್ದದ್ದು ಕಾರ್ಡಿನಲ್ಲಿ. ಇಳಿಸಿದರೂ ಅಲ್ಲೇ ನಿಂತಿದ್ದು, ಕಾರ್ಡ್ 60-70 ಶೇಕಡದಲ್ಲಿ ಆರಾಮಾಗಿದ್ದರೆ ಆಗ ತಡೆ ಪ್ರೊಸೆಸರಿನದ್ದು. ಇಂಥ ಕಡೆ ಮಾತ್ರ ಹೋಲಿಕೆಗೆ ಅರ್ಥ ಉಂಟು.

1080ಪಿಗೆ ಇಳಿಸಿ, ಸೆಟ್ಟಿಂಗ್ ಕಮ್ಮಿ ಮಾಡಿ, ಅಸೆಟ್ಟೊ ಕೋರ್ಸಾ ಕಾಂಪಿಟಿಜಿಯೋನೆಯಲ್ಲಿ ತುಂಬಾ ಕಾರುಗಳಿರುವ ಒಂದೇ ರಿಪ್ಲೇಯನ್ನು ಮೂರು ಮೂರು ಸಲ ಓಡಿಸಿದೆವು. ಸಾದಾದಲ್ಲಿ ಸರಾಸರಿ 96 ಫ್ರೇಮ್, 3ಡಿಯಲ್ಲಿ 121. ಅದಕ್ಕಿಂತ ಕಣ್ಣಿಗೆ ಕಂಡದ್ದು ಕೆಳಗಿನ 1 ಶೇಕಡದ ಲೆಕ್ಕ, ಅಂದರೆ ಗೇಮ್ ತಡವರಿಸುವ ಕ್ಷಣಗಳ ಫ್ರೇಮ್ ರೇಟ್: 68 ಇದ್ದದ್ದು 91ಕ್ಕೆ ಏರಿತು. ಕಾರುಗಳೆಲ್ಲ ಮೊದಲ ತಿರುವಿನಲ್ಲಿ ಗುಂಪಾಗುವಾಗ ಸಾದಾದಲ್ಲಿ ಒಂದು ಸಣ್ಣ ಎಳೆತ ಬರುತ್ತಿತ್ತು, 3ಡಿಯಲ್ಲಿ ಅದು ಕಾಣಲೇ ಇಲ್ಲ.

ಹಾಗಾದರೆ ಕ್ಲಾಕ್ ಸುಳ್ಳಾ? ಅಲ್ಲ. ಸಿನೆಬೆಂಚಿನ ಒಂದೇ ಕೋರಿನ ಪರೀಕ್ಷೆಯಲ್ಲಿ ನನ್ನ ಸಾದಾವೇ ಗೆದ್ದಿತು, 3ಡಿ ಹತ್ತು ಶೇಕಡದಷ್ಟು ಹಿಂದೆ. 4.6 ಮತ್ತು 4.1ರ ನಡುವಿನ ಅಂತರ ಹೆಚ್ಚು ಕಮ್ಮಿ ಅಷ್ಟೇ ತಾನೇ. ಅಲ್ಲಿ ಬೇಕಾದ ಡಾಟಾ ಬಹುಪಾಲು ಕೋರಿನ ಹತ್ತಿರವೇ ಇರುತ್ತದೆ, ಹಾಗಾಗಿ ಬೇಗ ತಿರುಗುವವನೇ ಮುಂದೆ.

ಗೇಮಿನ ಕೆಲಸ ಬೇರೆ ತರದ್ದು. ಭಾವ ಆಧಾರ, ಅಂದರೆ ಜಾಗದ ಕ್ರಯಪತ್ರ, ಬರೆಯುವವರು, ಅವರ ಕೆಲಸದಲ್ಲೇ ಹುಡುಗನಿಗೆ ಹೇಳಿದೆ. ಒಂದು ಜಾಗದ ಆಧಾರ ಓದಿದರೆ ಅದರೊಳಗೆ ಹಿಂದಿನ ಆಧಾರದ ನಂಬರ್ ಇರುತ್ತದೆ. ಅದನ್ನು ತರಿಸಿ ಓದಿದರೆ ಅದಕ್ಕೂ ಹಿಂದಿನದ್ದರ ನಂಬರ್. ಕೈಯಲ್ಲಿರುವುದನ್ನು ಓದಿ ಮುಗಿಸದೆ ಮುಂದೆ ಯಾವುದು ಬೇಕು ಅಂತ ಗೊತ್ತಾಗುವುದಿಲ್ಲ. ನಿನ್ನ ಅಪ್ಪ ಎಷ್ಟು ಬೇಗ ಓದಿದರೂ ಪ್ರತಿಯೊಂದಕ್ಕೂ ರೆಕಾರ್ಡ್ ರೂಮಿಗೆ ಹೋಗಿ ಬರುವ ಹೊತ್ತು ಕಮ್ಮಿ ಆಗುತ್ತದಾ? ಇಲ್ಲ. ಮೇಜು ದೊಡ್ಡದಿದ್ದು, ನಿನ್ನೆ ಮೊನ್ನೆ ತರಿಸಿದ್ದೆಲ್ಲ ಅದರ ಮೇಲೆಯೇ ಇದ್ದರೆ ಮಾತ್ರ ಕಮ್ಮಿ ಆಗುತ್ತದೆ.

ಗೇಮ್ ಪ್ರತಿ ಫ್ರೇಮಿನಲ್ಲೂ ಇದನ್ನೇ ಮಾಡುತ್ತದೆ. ಈ ಕಾರು, ಅದರ ಚಕ್ರ, ಚಕ್ರ ತಾಗಿದ ರಸ್ತೆಯ ತುಂಡು, ಅದರ ಪಕ್ಕದ ಇನ್ನೊಂದು ಕಾರು, ಹೀಗೆ ಒಂದರ ವಿಳಾಸ ಇನ್ನೊಂದರೊಳಗೆ. ಡಾಟಾ ಸಾಲಾಗಿ ಜೋಡಿಸಿದ್ದರೆ ಪ್ರೊಸೆಸರ್ ಮುಂದಿನದ್ದನ್ನು ಊಹಿಸಿ ಮೊದಲೇ ತರಿಸಿ ಇಡುತ್ತದೆ. ಇಂಥ ಸರಪಳಿಯಲ್ಲಿ ಊಹೆ ನಡೆಯುವುದಿಲ್ಲ. ಇನ್ನೊಂದು ವಿಷಯ, ಫ್ರೇಮ್ ಮುಗಿದ ಕೂಡಲೇ ಹೆಚ್ಚು ಕಮ್ಮಿ ಅದೇ ವಸ್ತುಗಳು ಮುಂದಿನ ಫ್ರೇಮಿನಲ್ಲಿ ಪುನಃ ಬೇಕು. ಹಾಗಾಗಿ ಒಮ್ಮೆ ಕ್ಯಾಶಿಗೆ ಬಂದದ್ದು ಅಲ್ಲೇ ಉಳಿದರೆ ಲಾಭ ಪ್ರತಿ ಫ್ರೇಮಿಗೂ ಸಿಗುತ್ತದೆ.

ಒಂದು ಲೆಕ್ಕ ಹಾಕೋಣ. ಇದು ಅಳತೆ ಅಲ್ಲ, ವಿಷಯ ತಿಳಿಯಲಿಕ್ಕೆ ಹಾಕಿದ್ದು. ರ್ಯಾಮಿಗೆ ಹೋಗಿ ಬರಲಿಕ್ಕೆ ಸುಮಾರು 70 ನ್ಯಾನೋಸೆಕೆಂಡ್, ಎಲ್3 ಕ್ಯಾಶಿನಿಂದಾದರೆ ಸುಮಾರು 12. ಸಾದಾದಲ್ಲಿ ಒಂದು ಫ್ರೇಮಿಗೆ 7 ಮಿಲಿಸೆಕೆಂಡ್ ಬೇಕು ಅನ್ನಿ, ಅಂದರೆ 143 ಫ್ರೇಮ್. ಅದರಲ್ಲಿ ಅರ್ಧ, 3.5 ಮಿಲಿಸೆಕೆಂಡ್, ನಿಜವಾದ ಕೆಲಸ. ಉಳಿದ ಅರ್ಧ ಸುಮ್ನೆ ರ್ಯಾಮಿಗೆ ಕಾಯುವುದು, 50,000 ಸಲ. ಈಗ ಅದೇ ಫ್ರೇಮ್ 3ಡಿಯಲ್ಲಿ. ಕ್ಲಾಕ್ ಕಮ್ಮಿ ಇರುವುದರಿಂದ ಕೆಲಸದ ಭಾಗ 3.93ಕ್ಕೆ ಏರುತ್ತದೆ. ಆದರೆ ಆ 50,000ದಲ್ಲಿ 30,000 ಕ್ಯಾಶಿನಲ್ಲೇ ಸಿಕ್ಕಿದರೆ ಅವುಗಳ ಕಾಯುವಿಕೆ ಬರೀ 0.36 ಮಿಲಿಸೆಕೆಂಡ್, ಉಳಿದ 20,000ಕ್ಕೆ 1.4. ಒಟ್ಟು 5.69 ಮಿಲಿಸೆಕೆಂಡ್, ಅಂದರೆ 175 ಫ್ರೇಮ್ ದಾಟಿತು. ಕಾಯುವ ಕೆಲಸವೇ ಇಲ್ಲದ ಪ್ರೋಗ್ರಾಮಾದರೆ ಇದೇ 3ಡಿಗೆ 7ರ ಬದಲು 7.85 ಬೇಕು, 127ಕ್ಕೆ ಇಳಿಯುತ್ತದೆ.

ನಿಜದಲ್ಲಿ ಪ್ರೊಸೆಸರ್ ಹಲವು ಕಾಯುವಿಕೆಗಳನ್ನು ಒಂದರ ಮೇಲೊಂದು ಹಾಕಿ ಮುಗಿಸುತ್ತದೆ, ಹಾಗಾಗಿ ಲೆಕ್ಕ ಇಷ್ಟು ಸರಳವಲ್ಲ. ಆದರೆ ಕ್ಲಾಕ್ ಏರಿಸಿದರೂ ಆ 70 ನ್ಯಾನೋಸೆಕೆಂಡ್ ಕರಗುವುದಿಲ್ಲ ಅನ್ನುವುದು ಮಾತ್ರ ಹೌದು. 4.6ರ ಚಿಪ್ಪು ಆ ಹೊತ್ತಿನಲ್ಲಿ 322 ಸುತ್ತು ಖಾಲಿ ತಿರುಗುತ್ತದೆ, 4.1ರದ್ದು 287. ಬೇಗ ಓಡುವವನು ಜಾಸ್ತಿ ಸುತ್ತು ವ್ಯರ್ಥ ಮಾಡಿದ, ಅಷ್ಟೇ.

ಈಗ ನಾವು ಮಾಡಿದ ಎಡವಟ್ಟು. 3ಡಿ ಹಾಕುವ ಮೊದಲು ಬೋರ್ಡಿನ ಬಯೋಸ್ ಅಪ್‌ಡೇಟ್ ಮಾಡಿದ್ದೆವು, ಹಳೆ ಬಯೋಸಿಗೆ ಆ ಚಿಪ್ಪಿನ ಪರಿಚಯ ಇರುವುದಿಲ್ಲ. ಅಪ್‌ಡೇಟ್ ಆದಾಗ ರ್ಯಾಮನ್ನು ಪೂರ್ತಿ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಸೆಟ್ಟಿಂಗ್ ಹಾರಿ ಹೋಗಿ ರ್ಯಾಮ್ 3200ರಿಂದ 2133ಕ್ಕೆ ಇಳಿದಿತ್ತು. ಗಮನಿಸಲೇ ಇಲ್ಲ! 3ಡಿಯ ಮೊದಲ ಪರೀಕ್ಷೆಗಳೆಲ್ಲ ಹಾಗೆಯೇ ನಡೆದವು, ಸರಾಸರಿ 114 ಬಂತು. ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ಕಣ್ಣಿಗೆ ಬಿದ್ದ ಮೇಲೆ 3200ಕ್ಕೆ ಹಾಕಿ ಅಳೆದದ್ದೇ ಮೇಲೆ ಹೇಳಿದ 121. ತಪ್ಪು ಹೇಗೂ ಆಯಿತು, ಸಾದಾವನ್ನೂ ಬೇಕೆಂದೇ 2133ರಲ್ಲಿ ಓಡಿಸಿದೆವು. 96 ಇದ್ದದ್ದು 81ಕ್ಕೆ ಕುಸಿಯಿತು.

ಇಡೀ ಪ್ರಯೋಗದಲ್ಲಿ ನನಗೆ ಹಿಡಿಸಿದ ಅಂಕಿ ಇದೇ. ನಿಧಾನದ ರ್ಯಾಮಿನಿಂದ ಸಾದಾ ಕಳೆದುಕೊಂಡದ್ದು 15 ಫ್ರೇಮ್, 3ಡಿ ಕಳೆದುಕೊಂಡದ್ದು 7. ರ್ಯಾಮಿಗೆ ಹೋಗುವುದೇ ಕಮ್ಮಿ ಆದವನಿಗೆ ದಾರಿ ಕೆಟ್ಟರೂ ಅಷ್ಟು ತಲೆಬಿಸಿ ಇಲ್ಲ. ಹಳೆ ನಿಧಾನದ ರ್ಯಾಮ್ ಇಟ್ಟುಕೊಂಡವರು ರ್ಯಾಮಿಗೆ ದುಡ್ಡು ಹಾಕುವ ಬದಲು ಇಂಥ ಚಿಪ್ ನೋಡಬಹುದು ಅಂತ ನಾನು ಹೇಳುವುದು ಇದಕ್ಕೇ.

ಕ್ಯಾಶಿಗೂ ಒಂದು ಅಂಚು ಉಂಟು. ಅದು ಕಂಡದ್ದು ಫ್ಯಾಕ್ಟರಿ ಕಟ್ಟುವ ಗೇಮ್ ಫ್ಯಾಕ್ಟೋರಿಯೋದಲ್ಲಿ. ಅದರೊಳಗೇ ಪರೀಕ್ಷೆಯ ಸೌಕರ್ಯ ಇದೆ, ಚಿತ್ರ ತೋರಿಸದೆ ಬರೀ ಲೆಕ್ಕ ಓಡಿಸುತ್ತದೆ, ಹಾಗಾಗಿ ಗ್ರಾಫಿಕ್ಸ್ ಕಾರ್ಡಿನ ಗೊಂದಲವೇ ಇಲ್ಲ:

```
factorio.exe --benchmark base.zip --benchmark-ticks 1000 --disable-audio
```

ಕೊನೆಗೆ ಬರುವ `avg` ಅಂದರೆ ಒಂದು ಅಪ್‌ಡೇಟಿಗೆ ಹಿಡಿದ ಸರಾಸರಿ ಮಿಲಿಸೆಕೆಂಡ್. 16.7ರ ಒಳಗಿದ್ದರೆ ಗೇಮ್ ಪೂರ್ತಿ ವೇಗದಲ್ಲಿ ನಡೆಯುತ್ತದೆ. ಹುಡುಗನ ಫ್ಯಾಕ್ಟರಿಯಲ್ಲಿ ಸಾದಾ 9.8 ತೆಗೆದುಕೊಂಡಿತು, 3ಡಿ 6.4. ಅರ್ಧದಷ್ಟು ಜಾಸ್ತಿ ವೇಗ, 4.1 ಗಿಗಾಹರ್ಟ್ಸಿನಲ್ಲಿ! ಆಮೇಲೆ ಯಾರೋ ಕಟ್ಟಿದ ಭಯಂಕರ ದೊಡ್ಡ ಫ್ಯಾಕ್ಟರಿಯನ್ನು ಇಳಿಸಿ ಓಡಿಸಿದೆವು. 27 ಮತ್ತು 23. ಲಾಭ ಬಹಳ ಇಳಿಯಿತು, ಯಾಕೆಂದರೆ ಅಲ್ಲಿ ಪ್ರತಿ ಅಪ್‌ಡೇಟಿಗೆ ಮುಟ್ಟುವ ಡಾಟಾ 96 ಎಂಬಿಗೂ ಹಿಡಿಸುವುದಿಲ್ಲ. ಮೇಜು ತುಂಬಿತು, ಪುನಃ ರೆಕಾರ್ಡ್ ರೂಮೇ ಗತಿ. ಬೆಂಚ್‌ಮಾರ್ಕಿನಲ್ಲಿ ಸಣ್ಣ ಮ್ಯಾಪ್ ಹಾಕಿ ದುಪ್ಪಟ್ಟು ವೇಗ ಅಂತ ಬರೆದವರನ್ನು ನೋಡಿದರೆ ಮ್ಯಾಪ್ ಎಷ್ಟು ದೊಡ್ಡದು ಅಂತ ಮೊದಲು ಕೇಳಿ.

ಕ್ಲಾಕ್ ಯಾಕೆ ಇಳಿಸಿದ್ದಾರೆ ಅಂತಲೂ ಹುಡುಗ ಕೇಳಿದ. ಮೇಲೆ ಕೂತ ಚಿಪ್ಪಿನಿಂದಾಗಿ ಕೋರಿನ ಶಾಖ ಕೂಲರಿಗೆ ಹೋಗುವ ದಾರಿ ಕಷ್ಟವಾಗುತ್ತದೆ, ವೋಲ್ಟೇಜನ್ನೂ ಜಾಸ್ತಿ ಕೊಡುವ ಹಾಗಿಲ್ಲ. 2024ರಲ್ಲಿ ಬಂದ 9800ಎಕ್ಸ್3ಡಿಯಲ್ಲಿ ಕ್ಯಾಶನ್ನು ಕೋರುಗಳ ಅಡಿಗೆ ಹಾಕಿದರು, ಅದು 5.2 ಗಿಗಾಹರ್ಟ್ಸ್ ಮುಟ್ಟಿತು. ಅದಕ್ಕೆ ಬೇರೆ ಬೋರ್ಡ್, ಡಿಡಿಆರ್5 ರ್ಯಾಮ್ ಬೇಕು, ನಮಗೆ ಸದ್ಯ ಆಗದ ಮಾತು.

3ಡಿ ಈಗ ಪೆರ್ಲದಲ್ಲಿದೆ, 144 ಹರ್ಟ್ಸ್ ಮಾನಿಟರಿನ ಅಡಿಯಲ್ಲಿ. ನಾನು ಆಡುವುದು 1440ಪಿ ಅಲ್ಟ್ರಾ, 60 ಹರ್ಟ್ಸಿನಲ್ಲಿ, ಅಲ್ಲಿ ನನ್ನ ಕಾರ್ಡೇ ಮೊದಲು ಸುಸ್ತಾಗುವುದು, ಹಾಗಾಗಿ ಸಾದಾವನ್ನೇ ಪುನಃ ಕೂರಿಸಿದೆ. ಮೊನ್ನೆ ಹುಡುಗ ಫೋನ್ ಮಾಡಿದ್ದ. ಫ್ಯಾಕ್ಟರಿಗೆ ಇನ್ನೂ ನಾಲ್ಕು ರೈಲು ಹಾಕಿದ್ದಾನಂತೆ, 6.4 ಇದ್ದದ್ದು ಈಗ 8.1.