ಬಿಸಿಯಾಗುವಾಗ ಟ್ರಿಪ್ ಆಗುವ ಕೆಟಲ್: ಅರ್ಥಿಂಗ್ ತಪ್ಪಿಸಿ ಓಡಿಸಬೇಡಿ

ಒಂದು ಮನೆಯ ಪ್ರಕರಣ ಇದು. 1500 ವ್ಯಾಟಿನ ಸ್ಟೀಲ್ ಕೆಟಲ್. ಸ್ವಿಚ್ ಹಾಕಿದ ಕೂಡಲೇ ಏನೂ ಆಗುವುದಿಲ್ಲ. ಸುಮಾರು ಒಂದೂವರೆ ನಿಮಿಷ ಕಳೆದು ನೀರು ಸದ್ದು ಮಾಡಲು ಶುರುವಾಗುತ್ತಿದ್ದಂತೆ, ಕರೆಂಟು ಸೋರಿದರೆ ಕಡಿಯುವ ಬ್ರೇಕರ್ ಆದ ಆರ್‌ಸಿಸಿಬಿ ಟ್ರಿಪ್ ಆಗಿ ಮನೆಯ ಕರೆಂಟೆಲ್ಲ ಹೋಗುತ್ತದೆ. ಅರ್ಧ ಗಂಟೆ ಬಿಟ್ಟು ಮತ್ತೆ ಹಾಕಿದರೆ ಮತ್ತದೇ ಕಥೆ. ನೋಡಲು ಬಂದವರು ಮಲ್ಟಿಮೀಟರ್ ಹಿಡಿದು ಕೆಟಲ್ ಚೆನ್ನಾಗಿದೆ, ಆರ್‌ಸಿಸಿಬಿ ವೀಕ್ ಆಗಿದೆ ಎಂದರು. ಹೊಸ ಆರ್‌ಸಿಸಿಬಿ ಹಾಕಿದರೂ ಟ್ರಿಪ್ ನಿಲ್ಲಲಿಲ್ಲ. ಕೊನೆಗೆ ಯಾರೋ ಅರ್ಥ್ ವೈರ್ ಇಲ್ಲದ ಒಂದು ಎಕ್ಸ್‌ಟೆನ್ಷನ್ ಕೊಟ್ಟರು. ಅದರಲ್ಲಿ ಹಾಕಿದ ದಿನದಿಂದ ಟ್ರಿಪ್ ನಿಂತಿತು, ನೀರೂ ಕುದಿಯಿತು. ಎಲ್ಲರೂ ರಿಪೇರಿ ಆಯಿತೆಂದುಕೊಂಡರು. ಕೆಲವು ದಿನಗಳ ನಂತರ ಮನೆಯಾಕೆ ಒಂದು ಕೈ ಕೆಟಲ್ಲಿನ ಸ್ಟೀಲ್ ಮೈಗೆ, ಇನ್ನೊಂದು ಕೈ ನಲ್ಲಿಗೆ ತಾಗಿಸಿದಾಗ ಜೋರಾಗಿ ಶಾಕ್ ಹೊಡೆಯಿತು. ಕೆಟಲ್ ಉರುಳಿ ಬಿಸಿನೀರು ಕಾಲಿನ ಮೇಲೆ ಬಿತ್ತು. ಆಗ ಆರ್‌ಸಿಸಿಬಿ ಟ್ರಿಪ್ ಆಗಲಿಲ್ಲ.

ಹೊಸ ಆರ್‌ಸಿಸಿಬಿ ಇದ್ದೂ ಯಾಕೆ ಟ್ರಿಪ್ ಆಗಲಿಲ್ಲ ಎಂದು ತಿಳಿಯಬೇಕಾದರೆ ಎಲಿಮೆಂಟ್ ಹೇಗಿರುತ್ತದೆ ಎಂದು ಮೊದಲು ನೋಡಬೇಕು.

ಕೆಟಲ್ಲಿನ ತಳದ ಪ್ಲೇಟಿಗೆ ಕೆಳಗಿನಿಂದ ಅಂಟಿಸಿರುವ ಕೊಳವೆಯೇ ಎಲಿಮೆಂಟ್. ಕೊಳವೆಯ ನಡುವೆ ನೈಕ್ರೋಮ್ ತಂತಿಯ ಸುರುಳಿ ಇರುತ್ತದೆ. ಸುರುಳಿಗೂ ಲೋಹದ ಕೊಳವೆಗೂ ನಡುವಿನ ಜಾಗದಲ್ಲಿ ಮೆಗ್ನೀಷಿಯಂ ಆಕ್ಸೈಡ್ ಪುಡಿಯನ್ನು ಒತ್ತಿ ತುಂಬಿರುತ್ತಾರೆ. ಈ ಪುಡಿ ಶಾಖವನ್ನು ಚೆನ್ನಾಗಿ ದಾಟಿಸುತ್ತದೆ, ಕರೆಂಟನ್ನು ತಡೆಯುತ್ತದೆ. ಆದರೆ ಗಾಳಿಯ ತೇವವನ್ನು ಹೀರುವುದು ಇದರ ಗುಣ. ಹಾಗಾಗಿಯೇ ಕೊಳವೆಯ ಎರಡೂ ತುದಿಗಳನ್ನು ಸೀಲ್ ಮಾಡಿರುತ್ತಾರೆ. ನೀರಿಲ್ಲದೆ ಕೆಟಲ್ ಕಾದು ಸೀಲ್ ಸುಟ್ಟಾಗಲೋ, ಕೆಟಲ್ಲನ್ನು ಇಡಿಯಾಗಿ ನೀರಿನಲ್ಲಿ ಅದ್ದಿ ತೊಳೆದಾಗಲೋ, ಕೊಳವೆಯಲ್ಲಿ ಕೂದಲೆಳೆಯ ಬಿರುಕು ಬಿಟ್ಟಾಗಲೋ ತೇವ ಒಳಗೆ ಸೇರುತ್ತದೆ. ಅಲ್ಲಿಂದ ಸುರುಳಿಯ ಕರೆಂಟು ಪುಡಿಯ ಮೂಲಕ ಕೊಳವೆಗೆ, ಕೊಳವೆಯಿಂದ ಕೆಟಲ್ಲಿನ ಮೈಗೆ ಸೋರತೊಡಗುತ್ತದೆ.

ತಣ್ಣಗಿರುವಾಗ ಈ ಸೋರಿಕೆ ತೀರಾ ಕಡಿಮೆ ಇರಬಹುದು. ಬಿಸಿಯಾದಂತೆ ತೇವದ ಪುಡಿಯ ಪ್ರತಿರೋಧ ಕುಸಿಯುತ್ತದೆ, ಒಂದೆಡೆ ನಿಂತಿದ್ದ ತೇವ ಆವಿಯಾಗಿ ಕೊಳವೆಯೊಳಗೆ ಹರಡುತ್ತದೆ, ಬಿರುಕಿದ್ದರೆ ಲೋಹ ಹಿಗ್ಗಿ ಅದೂ ಬಾಯಿ ಬಿಡುತ್ತದೆ. ಸ್ವಿಚ್ ಹಾಕಿದ ಕ್ಷಣ ಸುಮ್ಮನಿದ್ದು ಸ್ವಲ್ಪ ಹೊತ್ತಿನ ಮೇಲೆ ಟ್ರಿಪ್ ಆಗುವುದು ಇದರಿಂದಲೇ. ತಣ್ಣಗಾದ ಮೇಲೆ ಪ್ರತಿರೋಧ ಮತ್ತೆ ಏರುವುದರಿಂದ ಮುಂದಿನ ಸಲವೂ ಕೆಟಲ್ ಅಷ್ಟು ಹೊತ್ತು ಓಡುತ್ತದೆ.

ಟ್ರಿಪ್ ಆಗುವ ಹೊತ್ತನ್ನು ಗಮನಿಸಿದರೆ ದೋಷ ಎಲ್ಲಿದೆ ಎಂಬುದು ಬಹುಪಾಲು ಗೊತ್ತಾಗುತ್ತದೆ. ಕೆಟಲ್ಲನ್ನು ಸ್ಟ್ಯಾಂಡಿನ ಮೇಲೆ ಕೂರಿಸಿದ ತಕ್ಷಣ ಅಥವಾ ಸ್ವಿಚ್ ಒತ್ತಿದ ತಕ್ಷಣ ಹೋದರೆ ಮೊದಲ ಅನುಮಾನ ಸ್ಟ್ಯಾಂಡಿನ ಕನೆಕ್ಟರಿನಲ್ಲಿ ನಿಂತ ನೀರಿನ ಮೇಲೆ. ಸರಿಯಾಗಿ ಕುದಿಯುವ ಹೊತ್ತಿಗೆ ಹೋದರೆ, ಆಟೋ ಕಟ್ ಸ್ವಿಚ್ಚಿಗೆ ಹಬೆ ಒಯ್ಯುವ ದಾರಿಯಲ್ಲಿ ಎಲ್ಲೋ ಸೀಲ್ ಬಿಟ್ಟು ಹಬೆಯ ನೀರು ಕಾಂಟ್ಯಾಕ್ಟುಗಳ ಮೇಲೆ ಬೀಳುತ್ತಿರಬಹುದು. ಕಾಯುತ್ತಿರುವ ನಡುವೆ, ಪ್ರತಿಸಲ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹೋದರೆ ಅದು ಎಲಿಮೆಂಟಿನ ಸೋರಿಕೆಯ ಗುರುತು. ಟ್ರಿಪ್ ಆಗುತ್ತಿರುವುದು ಯಾವ ಬ್ರೇಕರ್ ಎಂದೂ ಬೋರ್ಡಿನಲ್ಲಿ ನೋಡಿಕೊಳ್ಳಿ. ಟೆಸ್ಟ್ ಬಟನ್ ಇರುವ ಆರ್‌ಸಿಸಿಬಿ ಹೋದರೆ ಸೋರಿಕೆ. ಬರೀ ಎಂಸಿಬಿ ಹೋದರೆ ಲೋಡ್ ಹೆಚ್ಚಾಗಿದೆ ಅಥವಾ ಶಾರ್ಟ್ ಆಗಿದೆ, ಅದರ ಹುಡುಕಾಟವೇ ಬೇರೆ.

ಮಲ್ಟಿಮೀಟರ್ ಯಾಕೆ ಮೋಸ ಮಾಡಿತು? ಅದು ಅಳೆಯುವುದು ಕೆಲವೇ ವೋಲ್ಟಿನಲ್ಲಿ. ಅದರ ಮೇಲೆ ಕೆಟಲ್ ಆಗ ತಣ್ಣಗಿತ್ತು. ಇನ್ನೊಂದು ತಪ್ಪು ಬಹಳ ಕಡೆ ಆಗುತ್ತದೆ: ಕೆಟಲ್ಲಿನ ಸ್ವಿಚ್ ಆಫ್ ಇರುವಾಗಲೇ ಫೇಸ್ ಪಿನ್ನಿಗೂ ಅರ್ಥ್ ಪಿನ್ನಿಗೂ ಮೀಟರ್ ಹಿಡಿಯುತ್ತಾರೆ. ಕಾಂಟ್ಯಾಕ್ಟ್ ತೆರೆದಿರುವಾಗ ಆ ಪಿನ್ನಿನಿಂದ ಎಲಿಮೆಂಟಿಗೆ ದಾರಿಯೇ ಇರುವುದಿಲ್ಲ, ಮೀಟರ್ ಸಹಜವಾಗಿಯೇ ಏನೂ ತೋರಿಸುವುದಿಲ್ಲ.

ಸರಿಯಾದ ಕ್ರಮ ಹೀಗೆ. ಕೆಟಲ್ ಟ್ರಿಪ್ ಆದ ಕೂಡಲೇ ಸಾಕೆಟ್ಟಿನ ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತುಬಿಡಬೇಕು. ಕೆಟಲ್ ಬಿಸಿಯಿರುವಾಗಲೇ ಸ್ಟ್ಯಾಂಡಿನ ಮೇಲಿಟ್ಟು ಅದರ ಸ್ವಿಚ್ ಆನ್ ಸ್ಥಿತಿಯಲ್ಲಿ ಇಡಬೇಕು. ಪ್ಲಗ್ಗಿನ ಫೇಸ್ ಮತ್ತು ನ್ಯೂಟ್ರಲ್ ಪಿನ್ನುಗಳ ನಡುವೆ 1500 ವ್ಯಾಟಿನ ಕೆಟಲ್ ಆದರೆ ಸುಮಾರು 35 ಓಮ್ ಬರಬೇಕು. ಅಷ್ಟು ಬಂದರೆ ಎಲಿಮೆಂಟ್ ನಿಜವಾಗಿಯೂ ಸರ್ಕ್ಯೂಟಿನಲ್ಲಿದೆ ಎಂದರ್ಥ. ಆಮೇಲೆ ಆ ಎರಡು ಪಿನ್ನುಗಳನ್ನು ಒಟ್ಟಿಗೆ ಸೇರಿಸಿ, ಅವುಗಳಿಗೂ ಅರ್ಥ್ ಪಿನ್ನಿಗೂ ನಡುವೆ ಇನ್ಸುಲೇಷನ್ ಅಳೆಯುವ 500 ವೋಲ್ಟಿನ ಮೆಗ್ಗರ್ ಹಾಕಬೇಕು. ಒಂದು ಮೆಗಾ ಓಮಿಗಿಂತ ಮೇಲಿರಬೇಕು, ಒಳ್ಳೆಯ ಕೆಟಲ್ ಇದಕ್ಕಿಂತ ಎಷ್ಟೋ ಹೆಚ್ಚು ತೋರಿಸುತ್ತದೆ. ಮೆಗ್ಗರ್ ಬಳಸಿ ಅಭ್ಯಾಸ ಇರುವವರೇ ಈ ಅಳತೆ ಮಾಡಬೇಕು, ಬಟನ್ ಒತ್ತಿರುವಾಗ ಪಿನ್ನನ್ನಾಗಲಿ ಕೆಟಲ್ಲಿನ ಮೈಯನ್ನಾಗಲಿ ಮುಟ್ಟಬಾರದು. ಕೊನೆಗೆ ಕೆಟಲ್ ತೆಗೆದಿಟ್ಟು ಸ್ಟ್ಯಾಂಡ್ ಒಂದನ್ನೇ ಹಾಗೆಯೇ ಅಳೆದರೆ ದೋಷ ಯಾವುದರಲ್ಲಿದೆ ಎಂಬುದೂ ಬೇರೆಯಾಗುತ್ತದೆ.

ಆ ಮನೆಯ ಕೆಟಲ್ ತಣ್ಣಗಿರುವಾಗ ಸುಮಾರು ಎರಡು ಮೆಗಾ ಓಮ್ ತೋರಿಸಿ ಪಾಸಾಯಿತು. ಬಿಸಿಯಿದ್ದಾಗ ಹತ್ತು ಕಿಲೋ ಓಮಿಗೆ ಇಳಿಯಿತು. ಸ್ಟ್ಯಾಂಡಿನಲ್ಲಿ ಏನೂ ದೋಷವಿರಲಿಲ್ಲ.

ಈಗ ಲೆಕ್ಕ ಹಾಕೋಣ. ಸೋರುವ ಜಾಗ ಸುರುಳಿಯ ಫೇಸ್ ತುದಿಯ ಹತ್ತಿರ ಇದ್ದರೆ, 230 ವೋಲ್ಟನ್ನು ಹತ್ತು ಸಾವಿರ ಓಮಿನಿಂದ ಭಾಗಿಸಿದಾಗ 23 ಮಿಲಿಆಂಪ್ ಸೋರಿಕೆ. ಮನೆಯ ಆರ್‌ಸಿಸಿಬಿ 30 ಮಿಲಿಆಂಪಿನದು. ಅದು 30ಕ್ಕೆ ಟ್ರಿಪ್ ಆಗಲೇಬೇಕು, 15 ದಾಟಿದ ಮೇಲೆ ಎಲ್ಲಿ ಬೇಕಾದರೂ ಟ್ರಿಪ್ ಆಗಬಹುದು, 15ರ ಒಳಗೆ ಆಗಬಾರದು. ಜೊತೆಗೆ ಮನೆಯ ಬೇರೆ ಉಪಕರಣಗಳಿಂದಲೂ ಅಷ್ಟಿಷ್ಟು ಸೋರಿಕೆ ಇದ್ದೇ ಇರುತ್ತದೆ, ಆರ್‌ಸಿಸಿಬಿ ನೋಡುವುದು ಒಟ್ಟು ಮೊತ್ತವನ್ನು. ಕಂಪ್ಯೂಟರ್ ಓಡುತ್ತಿದ್ದಾಗ ಟ್ರಿಪ್ ಆಗುವ ಕೆಟಲ್ ಅದು ಆಫ್ ಇದ್ದಾಗ ಬಚಾವಾಗುವುದು ಹೀಗೆ. ಬ್ರೇಕರ್ ಹುಚ್ಚುಹುಚ್ಚಾಗಿ ಆಡುತ್ತಿದೆ ಎಂದು ಜನ ಅದರ ಮೇಲೆ ತಪ್ಪು ಹೊರಿಸುವುದೂ ಇಲ್ಲಿಯೇ. ಎಂಸಿಬಿಗಂತೂ ಇದು ಕಾಣುವುದೇ ಇಲ್ಲ. ಕೆಟಲ್ ಎಳೆಯುವ ಆರೂವರೆ ಆಂಪಿನ ಮುಂದೆ 23 ಮಿಲಿಆಂಪ್ ಯಾವ ಲೆಕ್ಕ?

ಅರ್ಥ್ ವೈರ್ ಇದ್ದಾಗ ಈ 23 ಮಿಲಿಆಂಪ್ ಆ ವೈರಿನಲ್ಲಿ ಹರಿದುಹೋಗುತ್ತದೆ. ಕೆಟಲ್ಲಿನ ಮೈ ಸುರಕ್ಷಿತವಾಗಿ ಉಳಿಯುತ್ತದೆ, ಫೇಸಿನಲ್ಲಿ ಹೋದ ಕರೆಂಟಿಗೂ ನ್ಯೂಟ್ರಲ್ಲಿನಲ್ಲಿ ಮರಳಿದ ಕರೆಂಟಿಗೂ ಇರುವ ವ್ಯತ್ಯಾಸ ಆರ್‌ಸಿಸಿಬಿಗೆ ಕಂಡು ಅದು ಕರೆಂಟು ಕಡಿಯುತ್ತದೆ. ಅರ್ಥ್ ಕಿತ್ತ ಮೇಲೆ ಸೋರಿದ ಕರೆಂಟಿಗೆ ಹೋಗಲು ದಾರಿಯೇ ಇಲ್ಲ. ದಾರಿ ಇಲ್ಲದ್ದರಿಂದ ವ್ಯತ್ಯಾಸವೂ ಇಲ್ಲ, ವ್ಯತ್ಯಾಸ ಇಲ್ಲದ್ದರಿಂದ ಟ್ರಿಪ್ಪೂ ಇಲ್ಲ. ಆದರೆ ಕೆಟಲ್ಲಿನ ಮೈ, ಮುಚ್ಚಳದ ಸ್ಟೀಲ್ ಭಾಗ, ಒಳಗಿನ ನೀರು ಎಲ್ಲವೂ ಫೇಸಿನ ವೋಲ್ಟೇಜಿಗೆ ಏರಿ ಕಾದು ಕೂತಿರುತ್ತವೆ. ನಲ್ಲಿಗೆ ಕೈ ತಾಗಿಸಿದವರ ಮೈಯೇ ಆಗ ಅರ್ಥ್ ವೈರ್ ಆಗುತ್ತದೆ. ಒದ್ದೆ ಕೈಯಿಂದ ಕೈಗೆ ಮೈಯ ಪ್ರತಿರೋಧ ಎರಡು ಸಾವಿರ ಓಮ್ ಎಂದಿಟ್ಟುಕೊಂಡರೆ ಒಟ್ಟು ಹನ್ನೆರಡು ಸಾವಿರ ಓಮ್, ಹರಿಯುವ ಕರೆಂಟು ಸುಮಾರು 19 ಮಿಲಿಆಂಪ್. ಹತ್ತರ ಸುಮಾರಿಗೇ ಸ್ನಾಯು ಬಿಗಿದು ಹಿಡಿದದ್ದನ್ನು ಬಿಡಲಾಗದ ಸ್ಥಿತಿ ಬರುತ್ತದೆ. ಆದರೆ 30 ಮಿಲಿಆಂಪಿನ ಆರ್‌ಸಿಸಿಬಿ 19ಕ್ಕೆ ಟ್ರಿಪ್ ಆಗಲೇಬೇಕೆಂಬ ನಿಯಮವಿಲ್ಲ. ಆ ಮನೆಯಲ್ಲಿ ಆದದ್ದು ಇದೇ. ಕೆಟಲ್ ಉರುಳಿ ಕೈಯಿಂದ ಬಿಡಿಸಿಕೊಂಡದ್ದರಿಂದ ಆಕೆಗೆ ಸುಟ್ಟ ಗಾಯದಲ್ಲೇ ಮುಗಿಯಿತು.

ಹಾಗಾಗಿ ಒಂದು ಸಾಕೆಟ್ಟಿನಲ್ಲಿ ಟ್ರಿಪ್ ಆಗುವ ಕೆಟಲ್ ಇನ್ನೊಂದರಲ್ಲಿ ಸರಾಗವಾಗಿ ಓಡಿದರೆ ದಯವಿಟ್ಟು ಖುಷಿಪಡಬೇಡಿ. ಆ ಎರಡನೆಯ ಸಾಕೆಟ್ಟಿಗೆ ಅರ್ಥ್ ಸಿಕ್ಕಿರದೆ ಇರಬಹುದು, ಅಥವಾ ಅದು ಆರ್‌ಸಿಸಿಬಿಯ ಹಿಂದೆ ಇರದೆ ನೇರ ಎಂಸಿಬಿಗೆ ಹೋಗಿರಬಹುದು. ಫೇಸ್ ನ್ಯೂಟ್ರಲ್ ಅದಲುಬದಲಾಗಿದ್ದರೂ ಸೋರಿಕೆಯ ಪ್ರಮಾಣ ಬದಲಾಗುತ್ತದೆ, ಯಾಕೆಂದರೆ ದೋಷದ ಜಾಗ ನ್ಯೂಟ್ರಲ್ ತುದಿಗೆ ಹತ್ತಿರವಾದಷ್ಟೂ ಅಲ್ಲಿನ ವೋಲ್ಟೇಜು ಕಡಿಮೆ. ಮೂರರಲ್ಲಿ ಯಾವುದಾದರೂ ಸರಿಯೇ, ಕೆಟಲ್ಲಿನ ದೋಷ ಹಾಗೇ ಇರುತ್ತದೆ.

ಟೆಸ್ಟರ್ ಸ್ಕ್ರೂಡ್ರೈವರನ್ನು ಕೆಟಲ್ಲಿನ ಮೈಗೆ ತಾಗಿಸಿ ತೀರ್ಮಾನಕ್ಕೆ ಬರುವುದೂ ಸರಿಯಲ್ಲ. ಅರ್ಥ್ ಸರಿಯಿದ್ದರೆ ಎಲಿಮೆಂಟ್ ಎಷ್ಟೇ ಸೋರುತ್ತಿದ್ದರೂ ಅದು ಹೊತ್ತಿಕೊಳ್ಳುವುದಿಲ್ಲ. ಅರ್ಥ್ ಇಲ್ಲದಿದ್ದರೆ ಅತ್ಯಲ್ಪ ಸೋರಿಕೆಗೂ ಮಂಕಾಗಿ ಹೊತ್ತಿಕೊಳ್ಳಬಹುದು. ಹೊತ್ತಿಕೊಂಡರೆ ತಿಳಿಯುವುದು ಒಂದೇ: ಕೆಟಲ್ಲಿನ ಮೈಗೆ ಅರ್ಥ್ ತಲುಪುತ್ತಿಲ್ಲ.

ತಿಂಗಳುಗಟ್ಟಲೆ ಬಳಸದೆ ತೇವದ ಜಾಗದಲ್ಲಿಟ್ಟ ಕೆಟಲ್ ಮಾತ್ರ ಸ್ವಲ್ಪ ಬೇರೆ. ಅದು ಒಂದೆರಡು ದಿನ ಬಿಸಿಲಿನಲ್ಲಿ ಒಣಗಿದ ಮೇಲೆ ಬಿಸಿಯಲ್ಲೂ ಒಳ್ಳೆಯ ಅಳತೆ ಕೊಟ್ಟರೆ ಬಳಸಬಹುದು. ಮತ್ತೆ ಟ್ರಿಪ್ ಶುರುವಾದರೆ ತುದಿಯ ಸೀಲ್ ಹೋಗಿದೆ ಎಂದು ತಿಳಿಯಿರಿ, ಪದೇ ಪದೇ ಒಣಗಿಸಿ ಫಲವಿಲ್ಲ. ಎಲಿಮೆಂಟ್ ತಳದ ಪ್ಲೇಟಿಗೇ ಬೆಸೆದಿರುವುದರಿಂದ ಅದೊಂದನ್ನೇ ಬದಲಿಸಲೂ ಆಗುವುದಿಲ್ಲ. ಅಂಥ ಕೆಟಲ್ಲನ್ನು ಎಸೆಯುವ ಮುನ್ನ ಪ್ಲಗ್ ಕಿತ್ತು ಸ್ಟ್ಯಾಂಡಿನ ವೈರನ್ನು ಬುಡದಲ್ಲೇ ಕತ್ತರಿಸಿಬಿಡಿ, ಇನ್ಯಾರೋ ಎತ್ತಿಕೊಂಡು ಹೋಗಿ ಹಾಕಿಬಿಟ್ಟಾರು. ಅರ್ಥ್ ಇಲ್ಲದ ಎಕ್ಸ್‌ಟೆನ್ಷನ್ ಮನೆಯಲ್ಲಿದ್ದರೆ ಅದನ್ನೂ ಜೊತೆಗೇ ಹೊರಹಾಕಿ. ಹೊಸ ಕೆಟಲ್ ಹಾಕುವ ಮೊದಲು ಆ ಸಾಕೆಟ್ಟಿನ ಅರ್ಥ್ ನಿಜವಾಗಿಯೂ ತಲುಪಿದೆಯೇ ಎಂದು ಎಲೆಕ್ಟ್ರಿಷಿಯನ್ ಕೈಯಲ್ಲಿ ಅಳೆಸಿ, ಆರ್‌ಸಿಸಿಬಿಯ ಟೆಸ್ಟ್ ಬಟನ್ನನ್ನೂ ಒಮ್ಮೆ ಒತ್ತಿ ನೋಡಿ.