‘ಫ್ರಿಜ್ ಒಂಚೂರು ನೋಡ್ಬಿಡಪ್ಪ’: ಕೆಲಸದ ಪ್ರಕಾರ ಒಡೆಯೋದಾ, ರ‍್ಯಾಕ್ ಪ್ರಕಾರವಾ?

ಹೋಟೆಲ್ ಅಡುಗೆಮನೆಯಲ್ಲಿ ಊಟದ ರಶ್‌ಗೆ ಮುಂಚೆ ಹೀಗಂದರೆ, ಮೊದಲು ‘ಹಳೇದನ್ನ ಎಸೆಯೋದೂ ಸೇರಿದೆಯಾ ಅಣ್ಣಾ, ಎಷ್ಟೊತ್ತಿಗೆ ಮುಗೀಬೇಕು?’ ಎಂದು ಕೇಳಿ.

ನಾಲ್ಕು ರ‍್ಯಾಕಿನ ಫ್ರಿಜ್ ಶುಚಿ ಮಾಡುವುದನ್ನು ಕೆಲಸದ ಪ್ರಕಾರ ಹಂತಗಳಾಗಿ ಒಡೆದರೆ ಮೊದಲು ಎಲ್ಲ ಡಬ್ಬಗಳ ತಾರೀಖು ನೋಡುವುದು, ಆಮೇಲೆ ಒರೆಸುವುದು, ಕೊನೆಗೆ ಚೀಟಿ ಅಂಟಿಸುವುದು. ಕೆಟ್ಟದ್ದು ಬೇಗ ಹೊರಬೀಳುತ್ತದೆ. ಆದರೆ ನಡುವೆ ಆರ್ಡರ್ ಬಂತೆಂದರೆ ನಾಲ್ಕೂ ರ‍್ಯಾಕ್ ಅರೆಬರೆ; ಎಲ್ಲಿಗೆ ನಿಂತಿತೆಂದು ಮುಂದಿನವರಿಗೆ ತಿಳಿಯದು.

ರ‍್ಯಾಕ್ ಪ್ರಕಾರವಾದರೆ ಮೇಲಿನಿಂದ ಒಂದೊಂದನ್ನೇ ಪೂರ್ತಿ ಮುಗಿಸುತ್ತೀರಿ. ‘ಒರೆಸಿದೆ, ಪ್ರತಿ ಡಬ್ಬಕ್ಕೂ ಮುಚ್ಚಳ, ತಾರೀಖಿನ ಚೀಟಿ ಇದೆ’ ಎನ್ನುವಂತಾದರೆ ಟಿಕ್. ಹಸಿ ಮಾಂಸ ತೀರಾ ಕೆಳಗೇ ಇರಬೇಕು, ಅದರ ನೀರು ಸಾಂಬಾರಿನ ಪಾತ್ರೆಗೆ ತೊಟ್ಟಿಕ್ಕಬಾರದು. ಎರಡಾದ ಮೇಲೆ ಕರೆ ಬಂದರೂ ಉಳಿದದ್ದು ಎರಡೇ. ಕೊನೆಗೆ ಬಾಗಿಲು ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಉಷ್ಣಾಂಶ 5 ಡಿಗ್ರಿಯೊಳಗಿದೆಯಾ ನೋಡಿ.

ರಶ್ ದಿನ ಎರಡನೆಯದನ್ನೇ ಹಿಡಿಯಿರಿ. ಬಾಗಿಲು ತೆಗೆದಾಗ ಹಳಸಿದ ವಾಸನೆ ಬಂದರೆ ಮಾತ್ರ ತಾರೀಖಿನ ಸುತ್ತು ಮೊದಲಾಗಲಿ.