ಅಕ್ಕನ ಹಳೇ ಸರ, ಮೂರು ಅಂಗಡಿ, ಮೂರು ಲೆಕ್ಕ

ನಮ್ಮ ಅಂಗಡಿಗೆ ವರ್ಷಗಳಿಂದ ಬರುತ್ತಿರುವ ಅಕ್ಕಂದಿರಿಗೆ, ಅಣ್ಣಂದಿರಿಗೆ ದೀಪಾವಳಿಯ ನಮಸ್ಕಾರ.

ಮೆಕ್ಕೆಜೋಳ ಮಾರಿದ ದುಡ್ಡು ಕೈಗೆ ಬರುವ ಹೊತ್ತಿಗೆ ದಾವಣಗೆರೆ ತುಂಬ ಚಿನ್ನದ ಅಂಗಡಿಗಳ ಬ್ಯಾನರ್ ಕಟ್ಟುತ್ತಾರೆ. 'ಹಳೇ ಚಿನ್ನಕ್ಕೆ ಶೂನ್ಯ ಕಡಿತ' ಅಂತ ಒಬ್ಬರು, 'ಮಜೂರಿ ಅತಿ ಕಡಿಮೆ' ಅಂತ ಇನ್ನೊಬ್ಬರು. ನೀವು ಬಂದು 'ನಿಮ್ಮಲ್ಲಿ ಏನು ಆಫರ್?' ಎಂದು ಕೇಳುತ್ತೀರಿ. ಬಾಯಿಮಾತಿನ ಉತ್ತರ ಕೊಡುವ ಬದಲು ನಾನೇ ಒಮ್ಮೆ ನೋಡಿ ಬರೋಣ ಅನ್ನಿಸಿತು. ನಮ್ಮ ಅಕ್ಕ ಹಳೇ ಸರ ಬದಲಾಯಿಸಬೇಕು ಅಂತಿದ್ದಳು. ಅವಳ ಜೊತೆ ಗಿರಾಕಿಯಾಗಿ ಎರಡು ಅಂಗಡಿಗೆ ಹೋದೆ. ಮೂರನೆಯದು ನಮ್ಮದೇ. ಆ ಎರಡು ಅಂಗಡಿಯ ಹೆಸರು ಬರೆಯುವುದಿಲ್ಲ. ಅವರು ಮೋಸ ಮಾಡಿಲ್ಲ, ಅವರ ಲೆಕ್ಕದ ರೀತಿ ಬೇರೆ ಅಷ್ಟೇ.

ಅಕ್ಕನ ಸರ ಸರಿಯಾಗಿ 20 ಗ್ರಾಂ. ಅಮ್ಮನ ಕಾಲದ್ದು, ಹಾಲ್‌ಮಾರ್ಕ್ ಇಲ್ಲ. ಕೊಂಡಿ ಎರಡು ಸಲ ಬೆಸುಗೆ ಹಾಕಿಸಿದ್ದು. ಅವಳಿಗೆ ಬೇಕಾಗಿದ್ದು 20 ಗ್ರಾಂನದೇ ಹೊಸ 916 ಸರ, ಅಂದರೆ ನೂರರಲ್ಲಿ 91.6 ಭಾಗ ಶುದ್ಧ ಚಿನ್ನ ಇರುವ 22 ಕ್ಯಾರೆಟ್‌ನದು. ಅವತ್ತು ಮೂರೂ ಕಡೆ ದರ ಒಂದೇ ಇತ್ತು. ಲೆಕ್ಕ ಸುಲಭವಾಗಲಿ ಅಂತ 22 ಕ್ಯಾರೆಟ್ ಗ್ರಾಂಗೆ 10,000 ರೂಪಾಯಿ ಎಂದು ಇಟ್ಟುಕೊಂಡು ಬರೆಯುತ್ತೇನೆ. ಹಾಲ್‌ಮಾರ್ಕ್ ಶುಲ್ಕ ಚಿಕ್ಕದು, ಅದನ್ನು ಬಿಟ್ಟಿದ್ದೇನೆ.

ಮೊದಲನೆಯದು ಶೂನ್ಯ ಕಡಿತದ ದೊಡ್ಡ ಅಂಗಡಿ. ಸರವನ್ನು ಯಂತ್ರದಲ್ಲಿಟ್ಟರು. ಒಂದು ನಿಮಿಷದಲ್ಲಿ 88 ಟಂಚ್ ಎಂದು ತೋರಿಸಿತು, ಅಂದರೆ ನೂರರಲ್ಲಿ 88 ಭಾಗ ಶುದ್ಧ ಚಿನ್ನ. 916ಕ್ಕೆ ಹೋಲಿಸಿದರೆ 19.21 ಗ್ರಾಂ ಆಗುತ್ತದೆ. ಅದಕ್ಕೆ 1,92,140 ರೂಪಾಯಿ ಹಾಕಿದರು. ಹೇಳಿದ ಹಾಗೆ ಒಂದು ಪೈಸೆಯೂ ಹಿಡಿಯಲಿಲ್ಲ. ಅಕ್ಕನಿಗೆ ಖುಷಿಯಾಯಿತು. ಆದರೆ ಹೊಸ ಸರದ ಮಜೂರಿ, ವೇಸ್ಟೇಜ್ ಸೇರಿ 18%. ಅದೇ 36,000. ಮೇಲೆ 3% ಜಿಎಸ್‌ಟಿ. ಹೊಸ ಸರ 2,43,080ಕ್ಕೆ ಬಂತು. ಹಳೇದು ಕಳೆದು ಅಕ್ಕ ಕೊಡಬೇಕಾಗಿದ್ದು 50,940.

ಎರಡನೆಯ ಅಂಗಡಿಯಲ್ಲಿ ಮಜೂರಿ 8% ಮಾತ್ರ. ಹೊಸ ಸರ ಜಿಎಸ್‌ಟಿ ಸೇರಿ 2,22,480. ಇಷ್ಟು ಕಡಿಮೆ ನಮ್ಮಲ್ಲೂ ಇಲ್ಲ. ಆದರೆ ಹಳೇ ಸರವನ್ನು ಒರೆಗಲ್ಲಿಗೆ ತಿಕ್ಕಿ, ಕಣ್ಣಳತೆಯಲ್ಲೇ 84 ಟಂಚ್ ಅಂದರು. ಜೊತೆಗೆ ಕರಗಿಸಿದಾಗ ಆಗುವ ಸವಕಳಿ ಅಂತ 2% ಹಿಡಿದರು. ಹಳೇದಕ್ಕೆ ಸಿಕ್ಕಿದ್ದು 1,79,740. ಕೈಯಿಂದ 42,740. ಮೊದಲ ಅಂಗಡಿ ಹಳೇದಕ್ಕೆ ಇವರಿಗಿಂತ 12,400 ಜಾಸ್ತಿ ಕೊಟ್ಟಿತ್ತು. ಆದರೂ ಅಕ್ಕನ ಕೈಯಿಂದ ಇಲ್ಲಿ ಹೋಗುವುದು 8,200 ಕಡಿಮೆ!

ಎರಡೂ ಕಡೆ ಚೀಟಿ ಬರೆಸಿಕೊಂಡು ನಮ್ಮ ಅಂಗಡಿಗೆ ಬಂದೆವು. ನಾವು ಅಕ್ಕನ ಎದುರಿಗೇ ಸರವನ್ನು ಮೂಸೆಗೆ ಹಾಕಿ, ಬಿಳಿಗಾರ ಉದುರಿಸಿ ಕರಗಿಸಿದೆವು. ಗಟ್ಟಿ ತೂಗಿದಾಗ 19.70 ಗ್ರಾಂ. 0.30 ಗ್ರಾಂ ಹೋಗಿದ್ದು ಕೊಂಡಿಯ ಸಂದಿನಲ್ಲಿ ಕೂತ ಕೊಳೆ, ಸೋಪು, ಬೆವರಿನ ಜಿಡ್ಡು. ಗಟ್ಟಿಯನ್ನು ಯಂತ್ರಕ್ಕಿಟ್ಟರೆ 87.5 ಬಂತು.

88 ಯಾಕೆ 87.5 ಆಯಿತು? ಯಂತ್ರ ಒಡವೆಯ ಮೇಲ್ಮೈಯನ್ನು ಮಾತ್ರ ಓದುತ್ತದೆ, ಒಳಗಿನದು ಅದಕ್ಕೆ ಕಾಣುವುದಿಲ್ಲ. ಬೆಸುಗೆಯಲ್ಲಿ ಚಿನ್ನ ಕಡಿಮೆ ಇರುತ್ತದೆ, ಅದು ಕೊಂಡಿಯ ಒಳಗಡೆ ಕೂತಿರುತ್ತದೆ. ಕರಗಿಸಿದಾಗ ಎಲ್ಲ ಸೇರಿ ನಿಜವಾದ ಟಂಚ್ ಗೊತ್ತಾಗುತ್ತದೆ. ಅಕ್ಕನ ಸರದಲ್ಲಿ ವ್ಯತ್ಯಾಸ ಚಿಕ್ಕದು. ತುಂಬಾ ಸಲ ರಿಪೇರಿಯಾದ ಒಡವೆಯಲ್ಲಿ ಇನ್ನೂ ದೊಡ್ಡದಿರುತ್ತದೆ.

ನಮ್ಮಲ್ಲಿ ಹಳೇದಕ್ಕೆ ಬಂದಿದ್ದು 1,88,180. ಅಂದರೆ ಮೊದಲ ಅಂಗಡಿಗಿಂತ 3,960 ಕಡಿಮೆ. ಅಕ್ಕ ನನ್ನ ಮುಖ ನೋಡಿದಳು. ಮಜೂರಿ 12%, ಜಿಎಸ್‌ಟಿ ಸೇರಿ ಹೊಸ ಸರ 2,30,720. ಕೈಯಿಂದ 42,540. ಎರಡನೆಯ ಅಂಗಡಿಗಿಂತ ಬರೀ 200 ರೂಪಾಯಿ ಕಡಿಮೆ.

ಹಾಗಾದರೆ ಎಲ್ಲಿಗೆ ಹೋಗಬೇಕು? ಹಳೇ ಚಿನ್ನ ಇಲ್ಲದೆ ಬರೀ ಹೊಸದು ತಗೊಳ್ಳುವವರಿಗೆ ಆ ಎರಡನೆಯ ಅಂಗಡಿಯೇ ಲಾಭ. ಇದನ್ನು ನಾನೇ ಹೇಳುತ್ತಿದ್ದೇನೆ. ಸುಮ್ನೆ ನಾಣ್ಯವೋ, ಮಜೂರಿ ಕಡಿಮೆ ಇರುವ ಸಾದಾ ಬಳೆಯೋ ಬೇಕಾದವರು ಮೊದಲ ಅಂಗಡಿಯಲ್ಲಿ ವಿಚಾರಿಸಬಹುದು. ಹಳೇದಕ್ಕೆ ಅಲ್ಲಿ ಸಿಗುವ ಬೆಲೆ ಒಳ್ಳೆಯದು. ಆದರೆ ಅದು ಅಲ್ಲೇ ಹೊಸದು ತಗೊಂಡರೆ ಮಾತ್ರ, ನಗದು ಕೊಡುವುದಿಲ್ಲ. ಹಳೇದು ಕೊಟ್ಟು ಕೆಲಸ ಇರುವ ಒಡವೆ ತಗೊಳ್ಳುವವರಿಗೆ ನಮ್ಮ ರೀತಿ ಸರಿ ಅಂತ ನನ್ನ ಅಭಿಪ್ರಾಯ.

ಎಲ್ಲೇ ಹೋದರೂ ಟಂಚ್, ಮಜೂರಿ ಬೇರೆ ಬೇರೆ ಹಿಡಿದು ನೋಡಬೇಡಿ. ಇಷ್ಟು ಗ್ರಾಂ ಹಳೇದು ಕೊಟ್ಟು ಅಷ್ಟೇ ಗ್ರಾಂ ಹೊಸದು ತಗೊಂಡರೆ ಕೈಯಿಂದ ಎಷ್ಟು ಹೋಗುತ್ತದೆ ಎಂದು ಬರೆಸಿಕೊಳ್ಳಿ. ಜಿಎಸ್‌ಟಿ ಹೊಸ ಒಡವೆಯ ಪೂರ್ತಿ ಬೆಲೆಗೆ ಬೀಳುತ್ತದೆ, ನೀವು ಮೇಲೆ ಕೊಡುವ ಹಣಕ್ಕೆ ಮಾತ್ರ ಅಲ್ಲ. ಚೀಟಿಯಲ್ಲಿ ಅದೂ ಸೇರಿರಲಿ.

ನಮ್ಮ ರೀತಿಗೂ ಒಂದು ಮಿತಿ ಇದೆ. ಕರಗಿಸಿದ ಮೇಲೆ ಒಡವೆ ವಾಪಸ್ ಬರುವುದಿಲ್ಲ. ಬೆಲೆ ಒಪ್ಪಿಗೆಯಾಗದಿದ್ದರೆ ನಿಮ್ಮ ಕೈಗೆ ಬರುವುದು ಗಟ್ಟಿ ಅಷ್ಟೇ. ಅದಕ್ಕೇ ಮೊದಲು ಯಂತ್ರದಲ್ಲಿ ನೋಡಿ ಅಂದಾಜು ಹೇಳುತ್ತೇವೆ. ನೀವು ಹೂಂ ಅಂದ ಮೇಲೆಯೇ ಒಲೆ ಹಚ್ಚುತ್ತೇವೆ. ಆರು ಅಕ್ಷರ-ಅಂಕಿಯ ಹಾಲ್‌ಮಾರ್ಕ್ ನಂಬರ್, ಅಂದರೆ ಎಚ್‌ಯುಐಡಿ, ಇರುವ ಒಡವೆಯಾದರೆ ಕರಗಿಸುವ ಅಗತ್ಯವಿಲ್ಲ. BIS Care ಆ್ಯಪ್‌ನಲ್ಲಿ ಆ ನಂಬರ್ ನೋಡಿ, ಸರಿ ಇದ್ದರೆ ಅದರಲ್ಲಿ ತೋರಿಸುವ ಶುದ್ಧತೆಗೇ ತಗೊಳ್ಳುತ್ತೇವೆ.

ಬೋರಮಾಳ ಸರ ಇರುವವರಿಗೆ ಇನ್ನೊಂದು ಮಾತು. ಅದರ ಗುಂಡುಗಳ ಒಳಗೆ ಅರಗು ತುಂಬಿರುತ್ತಾರೆ. ಕಳೆದ ತಿಂಗಳು ಹರಿಹರದ ಕಡೆಯ ಅಜ್ಜಿಯೊಬ್ಬರು 18 ಗ್ರಾಂನ ಸರ ತಂದಿದ್ದರು. ಅರಗು ಹೋದ ಮೇಲೆ 12 ಗ್ರಾಂ ಉಳಿಯಿತು. ಎದುರಿಗೇ ಆಗಿದ್ದರೂ ಅವರಿಗೆ ತುಂಬಾ ಬೇಜಾರಾಯಿತು. ನನಗೂ ಸಂಕಟವಾಯಿತು. ಅರಗನ್ನು ಯಂತ್ರ ತೋರಿಸುವುದಿಲ್ಲ. ಕೆಲವು ಕಡೆ ಒಡೆಯದೆಯೇ ಅಂದಾಜಿನಲ್ಲಿ ತೂಕ ಕಳೆಯುತ್ತಾರೆ, ಅದಕ್ಕೆ ಒಪ್ಪಬೇಡಿ. ಮೊದಲು ಒಂದೇ ಗುಂಡು ಬಿಚ್ಚಿಸಿ, ಅರಗು ತೆಗೆಸಿ ತೂಗಿಸಿ. ಉಳಿದದ್ದು ಎಷ್ಟಾಗಬಹುದು ಎಂದು ಗೊತ್ತಾಗುತ್ತದೆ. ಬೇಡ ಅನ್ನಿಸಿದರೆ ಸರ ಮನೆಗೆ ಒಯ್ಯಬಹುದು. ಆ ಅಜ್ಜಿಗೆ ನಾನು ಹೀಗೆ ಮಾಡಿ ತೋರಿಸಬೇಕಿತ್ತು. ಈಗ ಎಲ್ಲರಿಗೂ ಹೀಗೇ ಮಾಡುತ್ತಿದ್ದೇನೆ.

ಹಬ್ಬಕ್ಕೆ ನಮ್ಮ ರಿಯಾಯಿತಿ ಒಂದೇ. ನೀರು ತುಂಬುವ ಹಬ್ಬದಿಂದ ಬಲಿಪಾಡ್ಯಮಿವರೆಗೆ ಮಜೂರಿ 12%ರ ಬದಲು 10%. ದರ ಬೋರ್ಡಿನಲ್ಲಿ ಇರುವುದೇ, ಹಳೇದಕ್ಕೂ ಹೊಸದಕ್ಕೂ ಒಂದೇ. ಅಕ್ಕನ ಲೆಕ್ಕವನ್ನೇ ಹಿಡಿದರೆ 42,540ರ ಬದಲು 38,420 ಆಗುತ್ತಿತ್ತು. ಅವಳು ಹಬ್ಬಕ್ಕೆ ಮುಂಚೆಯೇ ತಗೊಂಡುಬಿಟ್ಟಳು, ಆ ವ್ಯತ್ಯಾಸ ಅವಳಿಗೆ ವಾಪಸ್ ಕೊಟ್ಟಿದ್ದೇನೆ. ಹೋದ ಹದಿನೈದು ದಿನದಲ್ಲಿ ಹೀಗೆ ಬದಲಾಯಿಸಿಕೊಂಡವರು ಬಿಲ್ ತಂದರೆ ನಿಮಗೂ ಕೊಡುತ್ತೇನೆ.

ಅಮಾವಾಸ್ಯೆಯ ದಿನ ಅಂಗಡಿಯಲ್ಲಿ ಲಕ್ಷ್ಮೀಪೂಜೆ, ಅಂದು ಒಲೆ ಹಚ್ಚುವುದಿಲ್ಲ. ಕರಗಿಸುವ ಕೆಲಸ ಇದ್ದವರು ಅದರ ಹಿಂದಿನ ದಿನ ಸಂಜೆ ನಾಲ್ಕರೊಳಗೆ ಬನ್ನಿ. ಬೇರೆ ಅಂಗಡಿಯ ಚೀಟಿ ಇದ್ದರೆ ಅದನ್ನೂ ತನ್ನಿ. ಪಕ್ಕದಲ್ಲಿಟ್ಟುಕೊಂಡೇ ಲೆಕ್ಕ ಹಾಕೋಣ.